ತೋಟದ ಕೈಗೆ ಗಟ್ಟಿ ಗಡಿಯಾರ: ಯಾರಿಗೆ ಬೇಕು, ಯಾರಿಗೆ ಬೇಡ

ಬೇಸಿಗೆಯಲ್ಲಿ ಅಡಿಕೆ ಮರಕ್ಕೆ ದಿನಕ್ಕೆ ಇಷ್ಟು ಲೀಟರ್ ನೀರು ಬೇಕು, ಅದಕ್ಕಾಗಿ ಇಷ್ಟು ಹೊತ್ತು ಹನಿ ಕೊಳವೆ ಬಿಡಬೇಕು ಎಂದು ನಾವು ರೈತರಿಗೆ ಹೇಳುತ್ತೇವೆ, ಬರೆಯುತ್ತೇವೆ. ಆ 'ಇಷ್ಟು ಹೊತ್ತನ್ನು' ರೈತ ಯಾವುದರಿಂದ ಅಳೆಯಬೇಕು ಎಂಬ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಗೊಬ್ಬರಕ್ಕೆ ತಕ್ಕಡಿ ಇದೆ, ಮೈಲುತುತ್ತಕ್ಕೆ ತೂಕದ ಪೊಟ್ಟಣ ಇದೆ. ನೀರಿನ ಹೊತ್ತಿಗೆ ಮಾತ್ರ ಅಂದಾಜೇ ಗತಿ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಲ್ಲಿ ಬಹಳ ಮಂದಿ ತೋಟಕ್ಕೆ ಇಳಿಯುವಾಗ ಕೈಗಡಿಯಾರವನ್ನು ಬಿಚ್ಚಿ ಮನೆಯ ಗೂಟಕ್ಕೆ ತೂಗಿ ಹೋಗುವವರೇ. ಹೊತ್ತು ಅಳೆಯುವ ಸಾಧನವನ್ನು, ಹೊತ್ತು ಅಳೆಯಬೇಕಾದ ಕಡೆಗೇ ಒಯ್ಯದೆ ಇರುವುದು ವಿಚಿತ್ರವಲ್ಲವೇ?

ಈ ರೂಢಿಗೆ ಕಾರಣ ಇಲ್ಲದಿಲ್ಲ. ನಮ್ಮ ಹಿರಿಯರ ಕೈಯಲ್ಲಿದ್ದದ್ದು ಕೀಲಿ ಕೊಡುವ ಗಡಿಯಾರ. ಬೆಂಗಳೂರಿನಲ್ಲಿ 1961ರಲ್ಲಿ ಎಚ್.ಎಂ.ಟಿ. ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ತಯಾರಿಸಲು ತೊಡಗಿದ ಮೇಲೆ ಹಳ್ಳಿಯ ಮದುಮಕ್ಕಳ ಕೈಗೂ ಗಡಿಯಾರ ಬಂತು. ಅವು ಒಳ್ಳೆಯ ಗಡಿಯಾರಗಳೇ. ಆದರೆ ಅದರೊಳಗೆ ಕೂದಲೆಳೆಯಂಥ ಸುರುಳಿ, ಸಾಸಿವೆಗಿಂತ ಸಣ್ಣ ಅಚ್ಚುಗಳು, ಹಲ್ಲಿನ ಚಕ್ರಗಳು. ಗುದ್ದಲಿಯ ಒಂದು ಏಟು ಕಲ್ಲಿಗೆ ಬಿದ್ದರೆ ಅದರ ನಡುಕ ಮಣಿಕಟ್ಟಿನವರೆಗೆ ಬರುತ್ತದೆ, ಅಚ್ಚು ಕೆಡುತ್ತದೆ. ಜಡಿಮಳೆಯಲ್ಲಿ ಗಾಜಿನೊಳಗೆ ಮಂಜು ಕಟ್ಟುತ್ತದೆ. ಬಿಚ್ಚಿಟ್ಟು ಹೋದದ್ದು ಬುದ್ಧಿವಂತಿಕೆಯೇ ಆಗಿತ್ತು. ಎಚ್.ಎಂ.ಟಿ.ಯ ಗಡಿಯಾರ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಕಲಿಸಿದ ಜೋಪಾನ ಮಾತ್ರ ನಮ್ಮ ಕೈಯಲ್ಲಿ ಇನ್ನೂ ಉಳಿದುಕೊಂಡಿದೆ.

ಅಂಕಿಯಲ್ಲಿ ಸಮಯ ತೋರಿಸುವ ಡಿಜಿಟಲ್ ಗಡಿಯಾರದಲ್ಲಿ ಮುಳ್ಳಿಲ್ಲ, ಚಕ್ರವಿಲ್ಲ. ಸಣ್ಣ ಸ್ಫಟಿಕವೊಂದು ಸೆಕೆಂಡಿಗೆ 32,768 ಸಾರಿ ಕಂಪಿಸುತ್ತದೆ. ಆ ಕಂಪನಗಳನ್ನು ಎಣಿಸಿ ಅಂಕಿ ಬದಲಾಗುತ್ತದೆ. ತಿರುಗುವ ಭಾಗವೇ ಇಲ್ಲದ್ದರಿಂದ ಪೆಟ್ಟಿಗೆ ಕೆಡುವುದು ಸ್ವಭಾವತಃ ಕಡಿಮೆ. ಆದರೂ ಜೋರಾದ ಪೆಟ್ಟು ಬಿದ್ದರೆ ಸ್ಫಟಿಕ ಒಡೆಯಬಹುದು, ಬ್ಯಾಟರಿಯ ಸಂಪರ್ಕ ತಪ್ಪಬಹುದು, ಗಾಜು ಸೀಳಬಹುದು. ಇದಕ್ಕೆ ಪರಿಹಾರ ಹುಡುಕಿದವರು ಜಪಾನಿನ ಕ್ಯಾಸಿಯೊ ಕಂಪನಿಯ ಎಂಜಿನಿಯರ್ ಕಿಕುವೊ ಇಬೆ. ತಂದೆ ಕೊಟ್ಟ ಗಡಿಯಾರ ಬಿದ್ದು ಒಡೆದದ್ದೇ ಅವರಿಗೆ ಪ್ರೇರಣೆಯಂತೆ. 1981ರಲ್ಲಿ ಕೆಲಸ ಹಿಡಿದು, ಇನ್ನೂರಕ್ಕೂ ಹೆಚ್ಚು ಮಾದರಿಗಳನ್ನು ಬೀಳಿಸಿ ಒಡೆದು, 1983ರ ಏಪ್ರಿಲ್‌ನಲ್ಲಿ ಜಿ-ಶಾಕ್ ಎಂಬ ಹೆಸರಿನ ಮೊದಲ ಗಡಿಯಾರವನ್ನು ಮಾರುಕಟ್ಟೆಗೆ ತಂದರು. ಅವರ ಗುರಿ ಮೂರು 'ಹತ್ತು': 10 ಮೀಟರ್ ಎತ್ತರದಿಂದ ಬಿದ್ದರೂ ಉಳಿಯಬೇಕು, 10 ಬಾರ್ ನೀರಿನ ಒತ್ತಡ ತಡೆಯಬೇಕು, ಬ್ಯಾಟರಿ 10 ವರ್ಷ ಬರಬೇಕು. ಯುಕ್ತಿ ಸರಳವಾದದ್ದು. ಗಡಿಯಾರದ ಯಂತ್ರಭಾಗ ಹೊರಕವಚಕ್ಕೆ ಪೂರ್ತಿ ಅಂಟಿಕೊಳ್ಳದೆ, ಕೆಲವೇ ಬಿಂದುಗಳಲ್ಲಿ ಮೆತ್ತನೆಯ ಆಧಾರದ ಮೇಲೆ ಟೊಳ್ಳಿನೊಳಗೆ ಕೂತಿರುತ್ತದೆ. ಹುಲ್ಲು ತುಂಬಿದ ಬುಟ್ಟಿಯಲ್ಲಿ ಗಾಜಿನ ಬಾಟಲಿ ಇಟ್ಟು ಗಾಡಿಯಲ್ಲಿ ಸಾಗಿಸಿದಂತೆ. ಹೊರಗಿನ ರಬ್ಬರಿನಂಥ ಅಂಚು ಗಾಜಿಗಿಂತ ಎತ್ತರವಾಗಿರುವುದರಿಂದ ಬಿದ್ದಾಗ ಮೊದಲು ಪೆಟ್ಟು ತಿನ್ನುವುದು ಅಂಚು, ಗಾಜಲ್ಲ. ಈಗ ಬೇರೆ ಬೇರೆ ಕಂಪನಿಗಳೂ ಇದೇ ಮಾದರಿಯ ಗಡಿಯಾರ ಮಾಡುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ಗಡಿಯಾರದ ಮೇಲೆ 'ಶಾಕ್ ರೆಸಿಸ್ಟ್' ಎಂದು ಕೆತ್ತಿದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಗಡಿಯಾರಗಳ ಪೆಟ್ಟಿನ ಪರೀಕ್ಷೆಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಕೇಳುವುದು 1 ಮೀಟರ್ ಎತ್ತರದಿಂದ ಗಟ್ಟಿ ಮರದ ನೆಲಕ್ಕೆ ಬಿದ್ದಷ್ಟು ಪೆಟ್ಟನ್ನು ತಡೆಯುವ ಶಕ್ತಿಯನ್ನು ಮಾತ್ರ. ಅಂದರೆ ನಿಂತವನ ಸೊಂಟದೆತ್ತರ. ನಮ್ಮ ಅಡಿಕೆ ಮರ ನಲವತ್ತು-ಐವತ್ತು ಅಡಿ. ಇಬೆಯವರ 10 ಮೀಟರ್ ಗುರಿಯೂ ಅಡಿಯ ಲೆಕ್ಕದಲ್ಲಿ 33ರ ಆಸುಪಾಸು. ಆದ್ದರಿಂದ ಮರದ ತುದಿಯಿಂದ ಬಿದ್ದರೂ ಏನೂ ಆಗದು ಎಂದು ಅಂಗಡಿಯವನು ಹೇಳಿದರೆ ನಂಬಬೇಕಾಗಿಲ್ಲ. ತೋಟದ ಮೆತ್ತನೆಯ ಸೊಪ್ಪಿನ ಮೇಲೆ ಬಿದ್ದರೆ ಉಳಿದೀತು, ಕಾಲುವೆಯ ಕಲ್ಲಿನ ಮೇಲೆ ಬಿದ್ದರೆ ಅದೃಷ್ಟ.

ಇನ್ನು ಇದು ಯಾರಿಗೆ ಪ್ರಯೋಜನ? ಕೈಯಿಂದ ಕೆಲಸ ಮಾಡುವವನಿಗೆ ಎಂಬುದು ನನ್ನ ಉತ್ತರ. ಜಗಲಿಯಲ್ಲಿ ಕೂತು ಲೆಕ್ಕ ಬರೆಯುವ ಯಜಮಾನರಿಗೆ ಇನ್ನೂರು-ಮುನ್ನೂರು ರೂಪಾಯಿಯ ಸಾದಾ ಗಡಿಯಾರ ಸಾಕು. ಆದರೆ ನಾನು ನೋಡಿದ ಮನೆಗಳಲ್ಲಿ ಗಟ್ಟಿ ಗಡಿಯಾರ ಇರುವುದು ಯಜಮಾನರ ಮಗನ ಕೈಯಲ್ಲಿ, ಅದೂ ಪೇಟೆಗೆ ಹೋಗುವಾಗ. ರಾತ್ರಿ ಪಂಪಿನ ಬಳಿಗೆ ಹೋಗುವ ಆಳಿನ ಕೈ ಬರಿದು. ತೋಟಕ್ಕೆಂದು ಹಣ ಹಾಕಿದರೆ ಗಡಿಯಾರ ತೋಟದಲ್ಲಿರುವವನ ಕೈಯಲ್ಲಿರಬೇಕು.

ಕೊನೆಗೌಡರ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿತ್ತು. ಮರದಿಂದ ಮರಕ್ಕೆ ಹಾರಿ ಕೊನೆ ಕೊಯ್ಯುವವರಿಗೇ ಇಂಥ ಗಡಿಯಾರ ಹೆಚ್ಚು ಉಪಯೋಗವೆಂದು ಮೊದಲು ನಾನೂ ಎಣಿಸಿದ್ದೆ. ಸಿದ್ದಾಪುರದ ಕಡೆಯ ಅನುಭವಿ ಕೊನೆಗೌಡರೊಬ್ಬರನ್ನು ಕೇಳಿದಾಗ ಅವರು ನಕ್ಕು, "ಹೆಗಡೇರೇ, ಮರದ ಮೇಲೆ ಕೂತು ಗಂಟೆ ನೋಡೂಕೆ ಯಾರಿಗೆ ಕೈ ಬಿಡುವಾಗ್ತದೆ? ಹಗ್ಗ ಸಿಕ್ಕಿಕೊಂಡ್ರೆ ಗಡಿಯಾರ ಉಳೀತದೆ, ನಾ ಉಳೀಬೇಕಲ್ಲ" ಎಂದರು. ಅವರ ಮಾತೇ ಸರಿ. ದಪ್ಪ ಅಂಚಿನ ಗಡಿಯಾರ, ಸುಲಭಕ್ಕೆ ಹರಿಯದ ಪಟ್ಟಿ. ಇವೆರಡೂ ಹಗ್ಗಕ್ಕೆ ಸಿಕ್ಕಿಕೊಳ್ಳುವ ವಸ್ತುಗಳು. ಮರ ಏರುವವರು ಬಿಚ್ಚಿ ಕೆಳಗೆ ಹಗ್ಗ ಹಿಡಿಯುವವರ ಕೈಯಲ್ಲಿ ಕೊಡುವುದೇ ಕ್ಷೇಮ. ಅಡಿಕೆ ಸುಲಿಯುವ ಯಂತ್ರ, ಪಂಪಿನ ಬೆಲ್ಟು, ಕಬ್ಬಿನ ಗಾಣ ಇವುಗಳ ಬಳಿಯೂ ಹಾಗೆಯೇ. ಗಡಿಯಾರ ಗಟ್ಟಿಯಾದಷ್ಟೂ ಕೈಗೆ ಅಪಾಯ ಹೆಚ್ಚು, ಏಕೆಂದರೆ ಅದು ಹರಿದು ಬೀಳುವುದಿಲ್ಲ.

ಹಾಗಾದರೆ ನಿಜವಾದ ಫಲಾನುಭವಿ ನೀರು ಬಿಡುವವನು. ಬೇಸಿಗೆಯಲ್ಲಿ ಪಂಪಿಗೆ ಬೇಕಾದ ಮೂರು ಫೇಸಿನ ವಿದ್ಯುತ್ತು ದಿನವಿಡೀ ಸಿಗುವುದಿಲ್ಲ. ಪಾಳಿಯಲ್ಲಿ ಬರುತ್ತದೆ, ಪಾಳಿ ಬದಲಾಗುತ್ತದೆ, ಪಾಳಿಯ ನಡುವೆಯೂ ಹೋಗಿ ಬರುತ್ತದೆ. ಕತ್ತಲು, ನೀರು, ಕೆಸರು, ಕಲ್ಲು ಎಲ್ಲವೂ ಇರುವ ಕೆಲಸ. ಮೊಬೈಲ್ ಫೋನಿನಲ್ಲೂ ಅಲಾರಂ ಇದೆಯಲ್ಲ ಎನ್ನಬಹುದು. ಇದೆ. ಆದರೆ ಒದ್ದೆ ಕೈಗೆ ಅದರ ಗಾಜು ಮಾತು ಕೇಳುವುದಿಲ್ಲ, ಗೇಟ್‌ವಾಲ್ವಿಗೆ ಬಗ್ಗಿದಾಗ ಜೇಬಿನಿಂದ ಜಾರಿ ಕಾಲುವೆಗೆ ಬೀಳುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದಾಗ ಅದು ತಾನೇ ಸತ್ತಿರುತ್ತದೆ.

ಗಡಿಯಾರವನ್ನು ಬಳಸುವ ಕ್ರಮಕ್ಕೆ ಬರುವ ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಅಲಾರಂ ದಿನದ ಗಂಟೆಗೆ ಕಟ್ಟಿದ್ದು; ರಾತ್ರಿ ಹತ್ತಕ್ಕೆ ಕೂಗು ಎಂದರೆ ಹತ್ತಕ್ಕೇ ಕೂಗುತ್ತದೆ, ಕೆಲಸ ಶುರುವಾಗಿದ್ದರೂ ಇಲ್ಲದಿದ್ದರೂ. ಟೈಮರ್ ಕೆಲಸಕ್ಕೆ ಕಟ್ಟಿದ್ದು. ಗುಂಡಿ ಒತ್ತಿದ ಕ್ಷಣದಿಂದ ಹಿಂದಕ್ಕೆ ಎಣಿಸುತ್ತ ಬಂದು ಸೊನ್ನೆಯಾದಾಗ ಕೂಗುತ್ತದೆ. ವಿದ್ಯುತ್ತಿನ ಪಾಳಿ, ಹಾಲಿನ ಡೇರಿ, ಬಸ್ಸು ಇವುಗಳಿಗೆ ಅಲಾರಂ. ನೀರು ಬಿಡುವುದಕ್ಕೆ ಟೈಮರ್. ಎರಡನ್ನೂ ಒಂದೆಂದು ತಿಳಿದು, ನೀರಿಗೂ ಅಲಾರಂ ಇಟ್ಟವರು ಮೋಸ ಹೋಗುತ್ತಾರೆ. ಹೇಗೆಂದು ಒಂದು ಲೆಕ್ಕದಿಂದ ನೋಡೋಣ.

ಎರಡು ಎಕರೆ ತೋಟ, ಎಕರೆಗೆ 550ರಂತೆ ಒಟ್ಟು 1,100 ಮರ ಎಂದಿಟ್ಟುಕೊಳ್ಳಿ. ಮರಕ್ಕೆ ಗಂಟೆಗೆ 8 ಲೀಟರ್ ಬಿಡುವ ಎರಡು ಹನಿಕಗಳು. ಒಂದು ಗಂಟೆ ಓಡಿದರೆ ಮರಕ್ಕೆ 16 ಲೀಟರ್. ತೋಟವನ್ನು ನಾಲ್ಕು ವಾಲ್ವುಗಳಲ್ಲಿ ನಾಲ್ಕು ಪಾಲು ಮಾಡಿದ್ದಾರೆ. ಪಾಲಿಗೆ 275 ಮರ, ಗಂಟೆಗೆ 4,400 ಲೀಟರ್. ಈ ವಾರ ಮೂರು ಫೇಸು ರಾತ್ರಿ ಹತ್ತು ಗಂಟೆಯಿಂದ.

ಮೊದಲು ಗಡಿಯಾರವನ್ನು 24 ಗಂಟೆಯ ಕ್ರಮಕ್ಕೆ ಹಾಕಿರಿ. ಹನ್ನೆರಡು ಗಂಟೆಯ ಕ್ರಮದಲ್ಲಿ ರಾತ್ರಿಗೆ <code>P</code> ಅಥವಾ <code>PM</code> ಎಂಬ ಸಣ್ಣ ಗುರುತು ಬರುತ್ತದೆ. ಅದನ್ನು ನೋಡದೆ ಇಟ್ಟ ಅಲಾರಂ ಬೆಳಿಗ್ಗೆ ಹತ್ತಕ್ಕೆ, ತಿಂಡಿ ತಿಂದು ಕೂತಾಗ ಕೂಗುತ್ತದೆ. ಹೊಸದಾಗಿ ಕೊಂಡವರು ಹೆಚ್ಚಾಗಿ ಮಾಡುವ ತಪ್ಪು ಇದೇ. ಗುಂಡಿಗಳು ಸಾಮಾನ್ಯವಾಗಿ ನಾಲ್ಕು. ಎಡಗಡೆ ಮೇಲಿನದು ತಿದ್ದುವುದಕ್ಕೆ, ಎಡಗಡೆ ಕೆಳಗಿನದು ಒಂದು ಕ್ರಮದಿಂದ ಇನ್ನೊಂದಕ್ಕೆ ಹೋಗುವುದಕ್ಕೆ, ಬಲಗಡೆ ಒಂದು ದೀಪಕ್ಕೆ, ಇನ್ನೊಂದು ಓಡಿಸುವುದಕ್ಕೆ ಮತ್ತು ನಿಲ್ಲಿಸುವುದಕ್ಕೆ. ಕೆಲವು ಮಾದರಿಗಳಲ್ಲಿ ಜಾಗ ಬೇರೆ ಇರಬಹುದು. ಅಂಚಿನ ಮೇಲೆ ಕೆತ್ತಿದ ಅಕ್ಷರ ನೋಡಿಕೊಳ್ಳಿ.

ಎಡಗಡೆ ಕೆಳಗಿನ ಗುಂಡಿಯನ್ನು ಒಂದೊಂದೇ ಸಲ ಒತ್ತುತ್ತ ಹೋದರೆ ಪರದೆಯ ಮೇಲೆ <code>AL</code> ಅಥವಾ <code>ALM</code> ಎಂದು ಬರುತ್ತದೆ. ಅದೇ ಅಲಾರಮ್ಮಿನ ಮನೆ. ತಿದ್ದುವ ಗುಂಡಿಯನ್ನು ಒತ್ತಿ ಹಿಡಿದರೆ ಗಂಟೆಯ ಅಂಕಿ ಮಿಣುಕುತ್ತದೆ. ಬಲಗಡೆಯ ಗುಂಡಿಯಿಂದ 21ಕ್ಕೆ ತನ್ನಿ. ಕೆಳಗಿನ ಗುಂಡಿ ಒತ್ತಿ ನಿಮಿಷಕ್ಕೆ ಹೋಗಿ 50 ಮಾಡಿ. ಮತ್ತೆ ತಿದ್ದುವ ಗುಂಡಿ ಒತ್ತಿದರೆ ನಿಂತುಕೊಳ್ಳುತ್ತದೆ. 21:50, ಅಂದರೆ ಹತ್ತಕ್ಕೆ ಹತ್ತು ನಿಮಿಷ ಮೊದಲು. ಬೂಟು ಹಾಕಿ ಬ್ಯಾಟರಿ ಹಿಡಿದು ಪಂಪುಮನೆಗೆ ಹೋಗಲು ಅಷ್ಟು ಬೇಕು. ಅಲಾರಂ ಜಾರಿಯಲ್ಲಿದೆಯೆಂದು ತೋರಿಸುವ ಗುರುತು ಪರದೆಯಲ್ಲಿ ಇದೆಯೇ ಎಂದು ಕೊನೆಗೆ ನೋಡಿ. ಗಂಟೆ ಸರಿಯಾಗಿ ಇಟ್ಟು ಜಾರಿ ಮಾಡದೆ ಮಲಗಿದವರೂ ಉಂಟು. <code>SIG</code> ಎಂಬ ಗುರುತು ಬೇರೆ. ಅದು ಪ್ರತಿ ಗಂಟೆಗೊಮ್ಮೆ ಚಿಕ್ಕದಾಗಿ ಕೂಗುವ ಗಂಟೆಯದು, ಅಲಾರಮ್ಮಿನದಲ್ಲ.

ಇನ್ನು ಟೈಮರ್. ಮತ್ತೆ ಕೆಳಗಿನ ಗುಂಡಿ ಒತ್ತಿದರೆ <code>TR</code> ಅಥವಾ <code>TMR</code> ಎಂದು ಬರುತ್ತದೆ. ಅದೇ ರೀತಿ ತಿದ್ದಿ ಒಂದು ಗಂಟೆ ಇಡಿ. ಬಹಳ ಮಾದರಿಗಳಲ್ಲಿ ಇಲ್ಲೇ 'ತಾನಾಗಿ ಮತ್ತೆ ಶುರು' ಎಂಬ ಏರ್ಪಾಡೂ ಇದೆ. ಅದನ್ನು ಹಾಕಿದರೆ ಸೊನ್ನೆಗೆ ಬಂದು ಕೂಗಿ, ನಿಲ್ಲದೆ ಇನ್ನೊಂದು ಗಂಟೆಯ ಎಣಿಕೆ ಹಿಡಿಯುತ್ತದೆ. ವಾಲ್ವುಗಳು ಒಂದೇ ಕಡೆ ಇದ್ದರೆ ಇದು ಅನುಕೂಲ. ವಾಲ್ವಿನಿಂದ ವಾಲ್ವಿಗೆ ಹತ್ತು ನಿಮಿಷ ನಡೆಯಬೇಕಾದ ಇಳಿಜಾರಿನ ತೋಟವಾದರೆ ಹಾಕಬೇಡಿ. ಪ್ರತಿ ಸಲ ವಾಲ್ವಿನ ಬಳಿ ನಿಂತು ಕೈಯಿಂದಲೇ ಶುರು ಮಾಡುವುದು ಮೇಲು.

ಈಗ ರಾತ್ರಿಗೆ ಬನ್ನಿ. 21:50ಕ್ಕೆ ಅಲಾರಂ ಕೂಗಿತು, ನೀವು ಹೋದಿರಿ. ಕರೆಂಟು ಹತ್ತಕ್ಕೆ ಬರಲಿಲ್ಲ, 22:20ಕ್ಕೆ ಬಂತು. ಪಂಪು ಓಡಿ, ಕೊಳವೆ ತುಂಬಿ, ಕೊನೆಯ ಸಾಲಿನಲ್ಲಿ ಹನಿ ಬಿದ್ದ ಮೇಲೆ ಟೈಮರ್ ಶುರು ಮಾಡಬೇಕು. ಲೆಕ್ಕದ ಸುಲಭಕ್ಕಾಗಿ 22:20 ಎಂದೇ ಹಿಡಿಯೋಣ. 23:20ಕ್ಕೆ ಕೂಗಿದಾಗ ಮೊದಲ ಪಾಲು ಮುಗಿಯಿತು; ಎರಡನೆಯ ವಾಲ್ವು ತೆರೆದು ಮೊದಲನೆಯದನ್ನು ಮುಚ್ಚಿದಿರಿ. 23:45ಕ್ಕೆ ಕರೆಂಟು ಹೋಯಿತು. ಆ ಕ್ಷಣದಲ್ಲಿ ನೀವು ಮಾಡಬೇಕಾದದ್ದು ಒಂದೇ: ಬಲಗಡೆಯ ಓಡಿಸುವ ಗುಂಡಿಯನ್ನು ಒತ್ತಿ ಎಣಿಕೆಯನ್ನು ನಿಲ್ಲಿಸುವುದು. ಪರದೆಯಲ್ಲಿ 35 ನಿಮಿಷ ಉಳಿದದ್ದು ಹಾಗೆಯೇ ನಿಂತಿರುತ್ತದೆ. 0:30ಕ್ಕೆ ಕರೆಂಟು ಬಂತು, ಪಂಪು ಓಡಿತು, ಅದೇ ಗುಂಡಿ ಒತ್ತಿದಿರಿ. 1:05ಕ್ಕೆ ಕೂಗುತ್ತದೆ. ಎರಡನೆಯ ಪಾಲಿಗೂ ಪೂರ್ತಿ ಒಂದು ಗಂಟೆ ಸಿಕ್ಕಿತು. ಮೂರನೆಯದು 2:05ಕ್ಕೆ, ನಾಲ್ಕನೆಯದು 3:05ಕ್ಕೆ ಮುಗಿಯುತ್ತದೆ.

ಇದನ್ನೇ ಅಲಾರಮ್ಮಿನಿಂದ ಮಾಡಿದವರ ಪಾಡು ನೋಡಿ. ಅವರು 23:20, 0:20, 1:20 ಎಂದು ಇಟ್ಟಿರುತ್ತಾರೆ. 0:20ಕ್ಕೆ ಕೂಗಿದಾಗ ಎದ್ದು ಮೂರನೆಯ ವಾಲ್ವು ತೆರೆಯುತ್ತಾರೆ. ಎರಡನೆಯ ಪಾಲಿಗೆ ಸಿಕ್ಕಿದ್ದು 25 ನಿಮಿಷ. 4,400 ಲೀಟರ್ ಹೋಗಬೇಕಾದಲ್ಲಿ 1,830ರಷ್ಟು. ಮರಕ್ಕೆ 16ರ ಬದಲು ಏಳು ಲೀಟರಿಗೂ ಕಡಿಮೆ. ಮೂರನೆಯ ಪಾಲಿಗೂ ಮೊದಲ ಹತ್ತು ನಿಮಿಷ ಕರೆಂಟೇ ಇರಲಿಲ್ಲ. ಕರೆಂಟು ಹೋಗುವುದು ದಿನವೂ ಒಂದೇ ಹೊತ್ತಿಗಾದರೆ ದಿನವೂ ಅದೇ ಪಾಲು ಒಣಗುತ್ತದೆ. ಏಪ್ರಿಲ್ ಹೊತ್ತಿಗೆ ಆ ಭಾಗದಲ್ಲಿ ಸೋಗೆ ಜೋಲುಬಿದ್ದು ಎಳೆಕಾಯಿ ಉದುರತೊಡಗಿದಾಗ 'ಅಲ್ಲಿಯ ಮಣ್ಣು ಸರಿ ಇಲ್ಲ' ಎನ್ನುತ್ತಾರೆ. ಮಣ್ಣಿನ ದೋಷವೋ ಹೊತ್ತಿನ ದೋಷವೋ ತಿಳಿಯಲು ಉಪಾಯ ಸುಲಭ: ಒಂದು ವಾರ ಪ್ರತಿ ಪಾಲಿಗೆ ನಿಜವಾಗಿ ಸಿಕ್ಕ ನಿಮಿಷಗಳನ್ನು ಬರೆದಿಡಿ. ಇದಕ್ಕೆ ಗಡಿಯಾರದ ಸ್ಟಾಪ್‌ವಾಚನ್ನು ಬಳಸಬಹುದು. ಪಂಪು ಓಡಿದಾಗ ಒತ್ತಿ, ನಿಂತಾಗ ಒತ್ತಿ, ಮತ್ತೆ ಓಡಿದಾಗ ಒತ್ತಿ. ಬಿಟ್ಟು ಬಿಟ್ಟು ಓಡಿದ ಹೊತ್ತೆಲ್ಲ ತಾನೇ ಕೂಡುತ್ತ ಹೋಗುತ್ತದೆ.

ಇದಕ್ಕೊಂದು ಮಿತಿ ಇದೆ, ಮುಚ್ಚಿಡಬಾರದು. ಗಡಿಯಾರಕ್ಕೆ ಪಂಪು ನಿಂತದ್ದು ತಿಳಿಯುವುದಿಲ್ಲ. ನೀವು ಎಚ್ಚರವಿದ್ದರೆ ಅಥವಾ ಪಂಪಿನ ಸದ್ದು ಕೇಳುವಷ್ಟು ಹತ್ತಿರ ತೋಟದ ಮನೆಯಲ್ಲಿ ಮಲಗಿದ್ದರೆ ಮಾತ್ರ ಈ ಕ್ರಮ ನಡೆಯುತ್ತದೆ. ತಾನಾಗಿ ಓಡಿಸುವ ಸ್ಟಾರ್ಟರ್ ಹಾಕಿಸಿ ದೂರದ ಮನೆಯಲ್ಲಿ ನಿದ್ದೆ ಮಾಡುವವರಿಗೆ, ಪಂಪು ಓಡಿದ ಹೊತ್ತನ್ನೇ ಎಣಿಸುವ ಮೀಟರನ್ನು ಸ್ಟಾರ್ಟರಿಗೆ ಜೋಡಿಸುವುದೇ ಸರಿಯಾದ ದಾರಿ. ಅಂಥವರು ಗಟ್ಟಿ ಗಡಿಯಾರಕ್ಕೆ ಹಣ ಹಾಕಬೇಕಾಗಿಲ್ಲ. ಪಾಳಿ ಬದಲಾದ ದಿನ ಅಲಾರಂ ಬದಲಿಸುವುದನ್ನು ಮರೆಯುವುದೂ ಸಾಮಾನ್ಯ. ಪಾಳಿ ಬದಲಾಗುವ ಹಿಂದಿನ ಸಂಜೆ ದೀಪ ಹಚ್ಚುವಾಗಲೇ ಬದಲಿಸುವ ಅಭ್ಯಾಸ ಒಳ್ಳೆಯದು.

ಅಡಿಕೆ ಬೇಯಿಸುವಾಗಲೂ ಟೈಮರ್ ಕೆಲಸಕ್ಕೆ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಬರುತ್ತದೆ, ಆದರೆ ಬೇರೆ ರೀತಿಯಲ್ಲಿ. ಹಂಡೆಯ ಚೊಗರು ಎಷ್ಟು ಗಟ್ಟಿ, ಕಾಯಿ ಎಷ್ಟು ಎಳೆಯದು, ಸೌದೆ ಎಷ್ಟು ಒಣಗಿದ್ದು ಎಂಬುದರ ಮೇಲೆ ಬೇಯುವ ಹೊತ್ತು ಬದಲಾಗುವುದರಿಂದ ಇಷ್ಟೇ ನಿಮಿಷ ಎಂದು ಟೈಮರ್ ಇಟ್ಟು ಇಳಿಸಿದರೆ ಹಾಳಾದೀತು. ಬೆಂದದ್ದನ್ನು ಕತ್ತರಿಸಿ ನೋಡಿಯೇ ತಿಳಿಯಬೇಕು. ಟೈಮರ್ ಇಡುವುದಾದರೆ 'ಹೋಗಿ ನೋಡು' ಎಂದು ನೆನಪಿಸಲು ಮಾತ್ರ. ಅಷ್ಟೇ ಅಲ್ಲ, ಹಂಡೆಯ ಹಬೆಗೆ ಕೈಯೊಡ್ಡುವಾಗ ಗಡಿಯಾರ ಕಳಚಿಡಿ. 'ವಾಟರ್ ರೆಸಿಸ್ಟ್' ಎಂಬುದು ತಣ್ಣೀರಿಗೆ ಹೇಳಿದ ಮಾತು. ಬಿಸಿ ಹಬೆಗೆ ಒಳಗಿನ ರಬ್ಬರ್ ಬಳೆ ಸಡಿಲವಾಗುತ್ತದೆ. ಒಲೆಯ ದಂಡೆಯ ಮೇಲಿಟ್ಟರೆ ಪರದೆ ಕಪ್ಪಾಗುತ್ತದೆ. ತಣಿದ ಮೇಲೆ ಮತ್ತೆ ಸರಿಯಾಗುವುದುಂಟು, ಆದರೆ ಪದೇ ಪದೇ ಹಾಗಾಗಬಾರದು.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರ ಕೈಯಲ್ಲೂ ಈ ಗಡಿಯಾರ ಇರುತ್ತದೆ. ಸಂಜೆ ಕೈ ತೊಳೆಯುವಾಗ ಅದನ್ನೂ ಸಿಹಿನೀರಿನಲ್ಲಿ ತೊಳೆಯಿರಿ. ಸುಣ್ಣ, ತುತ್ತ ಗುಂಡಿಗಳ ಸಂದಿಯಲ್ಲಿ ಒಣಗಿದರೆ ಗುಂಡಿ ಹಿಡಿದುಕೊಳ್ಳುತ್ತದೆ, ಒತ್ತಿದರೆ ಹೊರಗೆ ಬರುವುದಿಲ್ಲ. ಆದರೆ ನೀರೊಳಗೆ ಇದ್ದಾಗ ಗುಂಡಿ ಒತ್ತಬಾರದು. ನೀರು ಒಳಗೆ ಹೋಗುವ ದಾರಿ ಅದೇ. ಉಂಬಳಕ್ಕೆ, ಸೊಳ್ಳೆಗೆ ಹಚ್ಚುವ ಪೇಟೆಯ ಕೆಲವು ಎಣ್ಣೆಗಳು ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ. ಪೆಟ್ರೋಲು ತಾಗಿದರೂ ಹಾಗೆಯೇ. ಬೆವರು, ಬಿಸಿಲು, ವರ್ಷಗಳು ಸೇರಿ ಹೊರಗಿನ ಅಂಚು ಬಿರುಸಾಗಿ ಸೀಳುತ್ತದೆ. ಪೆಟ್ಟು ತಿನ್ನುವುದು ಆ ಅಂಚೇ ಆದ್ದರಿಂದ ಅದು ಸೀಳಿದ ಮೇಲೆ ಗಡಿಯಾರ ಗಟ್ಟಿಯದೆಂದು ಭರವಸೆ ಇಡಬೇಡಿ. ಅಂಚನ್ನು ಮಾತ್ರ ಬದಲಿಸಲು ಬರುತ್ತದೆ.

ಕೊಳ್ಳುವಾಗ ಎರಡು ಪರೀಕ್ಷೆ ಮಾಡಿ. ಒಂದು, ಟೈಮರ್ ಇದೆಯೇ ಎಂಬುದು. 1989ರಿಂದ ಬಂದ ಕ್ಯಾಸಿಯೊ ಎಫ್-91ಡಬ್ಲ್ಯೂದಂಥ ಅಗ್ಗದ, ಹಗುರ ಗಡಿಯಾರಗಳಲ್ಲಿ ಅಲಾರಂ ಇದೆ, ಸ್ಟಾಪ್‌ವಾಚ್ ಇದೆ, ಹಿಂದಕ್ಕೆ ಎಣಿಸುವ ಟೈಮರ್ ಇಲ್ಲ. ಅಂಗಡಿಯಲ್ಲೇ ಹುಡುಕಿ ನೋಡಬೇಕು. ಇನ್ನೊಂದು, ಕೂಗು ಕೇಳುತ್ತದೆಯೇ ಎಂಬುದು. ಇವುಗಳ ಧ್ವನಿ ಸಣ್ಣದು, ಕೀಚಲು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೇ ಅಂಥ ಧ್ವನಿಯನ್ನು. ಕೊಂಡು ತಂದ ಮಗನಿಗೆ ಕೇಳಿಸಿದ್ದು ಕಂಬಳಿ ಹೊದ್ದು ಮಲಗಿದ ಅಪ್ಪನಿಗೆ ಕೇಳಿಸದು. ಯಾರು ಬಳಸುತ್ತಾರೋ ಅವರನ್ನೇ ಅಂಗಡಿಗೆ ಕರೆದೊಯ್ಯಿರಿ. ಮಲಗುವಾಗ ಖಾಲಿ ಸ್ಟೀಲಿನ ಚೊಂಬಿನೊಳಗೆ ಇಟ್ಟರೆ ಸದ್ದು ಸ್ವಲ್ಪ ದೊಡ್ಡದಾಗುತ್ತದೆ. ಕಳೆ ಕೊಚ್ಚುವ ಯಂತ್ರ ಹೊತ್ತವರಿಗಂತೂ ಕೂಗು ಕೇಳುವುದೇ ಇಲ್ಲ. ಅವರು ಕೈಗೆ ನಡುಕ ಕೊಟ್ಟು ಎಚ್ಚರಿಸುವ ಮಾದರಿಯನ್ನೇ ಕೇಳಬೇಕು.

ಬಿಸಿಲಿನಿಂದ ಬ್ಯಾಟರಿ ತುಂಬಿಕೊಳ್ಳುವ ಗಡಿಯಾರಗಳೂ ಇವೆ. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲೇ ಇಲ್ಲ, ಇದ್ದರೂ ಮಳೆಕೋಟಿನ ತೋಳಿನಡಿ. ಮೇ ತಿಂಗಳಲ್ಲಿ ಪೂರ್ತಿ ತುಂಬಿಕೊಂಡಿದ್ದರೆ ಮಳೆಗಾಲ ದಾಟಬಲ್ಲದು. ಕೆಲಸವಿಲ್ಲದಾಗ ಕಿಟಕಿಯ ಬಳಿ ಇಟ್ಟರೆ ಸಾಕು. ಕಾರಿನ ಗಾಜಿನ ಹಿಂದೆ ಸುಡುಬಿಸಿಲಿಗೆ ಇಡಬೇಡಿ.

ಬ್ಯಾಟರಿ ಸೋಲುತ್ತಿದೆಯೆಂದು ತಿಳಿಯಲು ಕತ್ತಲಲ್ಲಿ ದೀಪದ ಗುಂಡಿ ಒತ್ತಿ ನೋಡಿ. ದೀಪ ಹತ್ತಿದಾಗ ಅಂಕಿಗಳು ಮಸುಕಾದರೆ ಅಥವಾ ಮಾಯವಾದರೆ ಕಾಲ ಹತ್ತಿರವಾಯಿತು. ಅಂಕಿ ಸರಿಯಾಗಿ ಕಾಣುತ್ತಿದ್ದರೂ ಕೂಗು ಮೊದಲೇ ನಿಂತುಹೋಗುತ್ತದೆ. ಗಡಿಯಾರ ನಡೆಯುತ್ತಿದೆಯಲ್ಲ ಎಂದು ನಂಬಿ ಮಲಗಿದವರು ಪಾಳಿ ಕಳೆದುಕೊಳ್ಳುತ್ತಾರೆ. ಬ್ಯಾಟರಿ ಬದಲಿಸುವಾಗ ರಿಪೇರಿಯವರ ಎದುರು ಕೂತಿರಿ. ಬೆನ್ನಿನ ಮುಚ್ಚಳದಡಿಯ ರಬ್ಬರ್ ಬಳೆ ತೋಡಿನಲ್ಲಿ ಸರಿಯಾಗಿ ಕೂರಬೇಕು. ಅದು ತಿರುಚಿದರೆ ಮೊದಲ ಮಳೆಗೇ ಗಾಜಿನೊಳಗೆ ಹನಿ ಕಾಣುತ್ತದೆ. ಒಳಗೆ ಒಂದು ಅಕ್ಕಿಕಾಳಿಗಿಂತ ಸಣ್ಣ ಸುರುಳಿ ತಂತಿ ಇರುತ್ತದೆ. ಅದು ಯಂತ್ರಭಾಗದಿಂದ ಮುಚ್ಚಳಕ್ಕೆ ಅಂಟಿಸಿದ ಕೂಗುವ ಬಿಲ್ಲೆಗೆ ತಾಗಿ ಧ್ವನಿ ಹೊರಡಿಸುತ್ತದೆ. ಮುಚ್ಚಳ ತೆಗೆದಾಗ ಅದು ಹಾರಿ ಬೀಳುವುದುಂಟು, ರಿಪೇರಿಯವರ ಗಮನಕ್ಕೂ ಬಾರದು. ಆಮೇಲೆ ಗಡಿಯಾರ ಸರಿಯಾಗಿ ನಡೆಯುತ್ತದೆ, ದೀಪ ಹತ್ತುತ್ತದೆ, ಕೂಗುವುದು ಮಾತ್ರ ಇಲ್ಲ. ಆದ್ದರಿಂದ ಹಣ ಕೊಡುವ ಮೊದಲು ಟೈಮರನ್ನು ಒಂದು ನಿಮಿಷಕ್ಕೆ ಇಟ್ಟು, ಅಂಗಡಿಯ ಮುಂದೆಯೇ ಕಿವಿಗೆ ಹಿಡಿದು ಕಾಯಿರಿ.